ಏಜೆಂಟರು ಕಳಿಸಿದ ಲೆಕ್ಕ ನೋಡಿ ತಲೆ ಕೆಟ್ಟಿದೆ: ಕಮಿಷನ್ ಯಾವುದರ ಮೇಲೆ, ಯಾವ ಖರ್ಚು ನಮ್ಮದು?

ಮಗ್ಗದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ ಸೀರೆ, ಮನೆಯಲ್ಲೇ ಮಗ್ಗ ಇದೆ, ಪಕ್ಕದ ಓಣಿಯ ನೇಕಾರರಿಂದಲೂ ಮಾಲು ತಗೋತೀವಿ. ಬೆಂಗಳೂರಿನ ಒಬ್ಬ ಏಜೆಂಟರಿಗೆ 120 ಸೀರೆ ಕಳಿಸಿದ್ದೆವು. ಮಾಲು ನಮ್ಮದೇ, ಅವರು ಮಾರಿಕೊಟ್ಟರೆ ಕಮಿಷನ್. ಮಾತು ಆಗಿದ್ದು ವಾಟ್ಸಾಪಿನಲ್ಲಿ, ಒಂದೇ ಸಾಲು: "10% ಕಮಿಷನ್, ಖರ್ಚು ನಿಮ್ಮದು." ಗಿರಾಕಿಗೆ ಬಿಲ್ ನಮ್ಮ ಹೆಸರಿನಲ್ಲಿ, ನಮ್ಮ ಜಿಎಸ್‌ಟಿ ನಂಬರಿನಲ್ಲೇ ಹೋಗುತ್ತೆ.

80 ಸೀರೆ ಹೋಗಿವೆ. 50 ನಗದು, ತಲಾ 2,400. 30 ಸಾಲ, ತಲಾ 2,500. ಒಟ್ಟು 1,95,000. ಅದರ ಮೇಲೆ 5% ಜಿಎಸ್‌ಟಿ 9,750 ಸೇರಿ 2,04,750. ಈಗ ಅವರು ಹಿಡಿದುಕೊಂಡಿರೋದು ನೋಡಿ:

ಕಮಿಷನ್ 20,475
ಲಾರಿ ಬಾಡಿಗೆ, ಹಮಾಲಿ 4,000
ಗೋಡೌನ್ 2,500
ಅಂಗಡಿ ಹುಡುಗನ ಸಂಬಳದ ಪಾಲು 3,000
ವಸ್ತುಪ್ರದರ್ಶನದ ಮಳಿಗೆ 5,000
ಇದೆಲ್ಲದರ ಮೇಲೆ 18% ಜಿಎಸ್‌ಟಿ 6,295
ವಸೂಲಾಗದ ಸಾಲ 13,125 (5 ಸೀರೆ, ಜಿಎಸ್‌ಟಿ ಸೇರಿ)

ನಮಗೆ ಕಳಿಸಿದ್ದು 1,50,355. ಉಳಿದ 40 ಸೀರೆ ವಾಪಸ್ ಕೇಳಿದರೆ "ಲೆಕ್ಕ ಒಪ್ಪಿಕೊಳ್ಳಿ, ಆಮೇಲೆ ಕಳಿಸ್ತೀನಿ" ಅಂತಾರೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು? ಜಗಳ ಮಾಡೋಕೆ ಇಷ್ಟ ಇಲ್ಲ, ಆದರೆ ಸುಮ್ನೆ ಬಿಡೋಕೂ ಆಗಲ್ಲ.

ದಾವಣಗೆರೆ ಬೆಣ್ಣೆದೋಸೆ
ಅಕ್ಕ, ಸಾಲ ಕೊಟ್ಟಿದ್ದು ಅವರು ತಾನೇ? ವಸೂಲಿ ಅವರ ತಲೆನೋವು. ಏಜೆಂಟ್ ಅಂದಮೇಲೆ ಮುಳುಗಿದ ಸಾಲ ಅವನೇ ಕಟ್ಟಬೇಕು. 13,125 ಪೂರ್ತಿ ವಾಪಸ್ ಕೇಳಿ.

ಪಾಲಿಸಿ ಪಾಂಡು
ನನಗೂ ಇದೇ ಗೋಳು. ಮೊದಲ ವರ್ಷ ಕಮಿಷನ್ ಚೆನ್ನಾಗಿ ಬರುತ್ತೆ, ನವೀಕರಣಕ್ಕೆ ಬಂದಾಗ ಚಿಲ್ಲರೆ. ಪೆಟ್ರೋಲ್, ಚಹಾ ಎಲ್ಲ ಕೈಯಿಂದಲೇ. ಖರ್ಚು ಕೊಡೋರು ಯಾರೂ ಇಲ್ಲ. ನಿಮ್ಮ ಏಜೆಂಟ್ ಪುಣ್ಯವಂತ ಬಿಡಿ.

ಚಿಕ್ಕಪೇಟೆ ಗಲ್ಲಿ
ಪಾಂಡು ಅವರೇ, ಅದು ವಿಮೆ, ಇದು ಸೀರೆ. ಬೇರೆ ಲೋಕ.

@ಬೆಣ್ಣೆದೋಸೆ ನಾನೂ ಕಮಿಷನ್ ಮೇಲೆ ಮಾಲು ಮಾರೋನೇ, ಅದಕ್ಕೇ ಹೇಳ್ತೀನಿ, ನೀವು ಹೇಳಿದ್ದು ತಪ್ಪು. ಮಾಲು ಅವರದು, ಲಾಭ ಅವರದು, ಹಾಗಾದರೆ ನಷ್ಟ ಮಾತ್ರ ನನ್ನದು ಹೇಗೆ? ಸೀರೆ 3,000ಕ್ಕೆ ಹೋಗಿದ್ದರೆ ಜಾಸ್ತಿ ಬಂದ ದುಡ್ಡು ಮೇಡಂಗೆ ತಾನೇ ಸೇರುತ್ತಿತ್ತು? ನನಗೆ ಬರೋದು ಹತ್ತು ಪರ್ಸೆಂಟ್ ಅಷ್ಟೇ. ಸಾಲ ಮುಳುಗಿದರೆ ನಾನು ಕಟ್ಟಬೇಕು ಅಂದರೆ ಅದಕ್ಕೆ ಬೇರೆ ಕಮಿಷನ್ ಇದೆ, ಒಂದೋ ಎರಡೋ ಪರ್ಸೆಂಟ್ ಜಾಸ್ತಿ. ಅದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಬಿಕಾಂ ಕೊನೆಬೆಂಚು
ಡೆಲ್ ಕ್ರೆಡೆರೆ ಕಮಿಷನ್!! ಪರೀಕ್ಷೆಗೆ ಬಂದಿತ್ತು, ಬರೆದೂ ಬಂದೆ. ನಿಜ ಜೀವನದಲ್ಲಿ ಇದೆ ಅಂತ ಇವತ್ತೇ ಗೊತ್ತಾಗಿದ್ದು 😅

ಹುಬ್ಬಳ್ಳಿ ಲೆಕ್ಕಿಗ
ಮಗ್ಗದಮನೆ ಅಕ್ಕ, ಬಟ್ಟೆ ವ್ಯಾಪಾರಿಗಳ ಲೆಕ್ಕ ಬರೆದೇ ಕೂದಲು ಬೆಳ್ಳಗಾದವನು ನಾನು. ಒಂದೊಂದೇ ನೋಡೋಣ.

ಮೊದಲು ಕಮಿಷನ್. ಮಾರಾಟ 1,95,000. ಗಿರಾಕಿಯಿಂದ ಬಂದ 9,750 ಜಿಎಸ್‌ಟಿ ನಿಮ್ಮ ಮಾರಾಟದ ಹಣ ಅಲ್ಲ, ನಿಮ್ಮ ಕೈಮೇಲೆ ಹಾದು ಸರ್ಕಾರಕ್ಕೆ ಹೋಗೋ ಹಣ. "ಬಿಲ್ ಮೊತ್ತದ ಮೇಲೆ ಕಮಿಷನ್" ಅಂತ ಒಪ್ಪಿದ್ದರೆ ಬೇರೆ ಮಾತು. ನೀವು ಬರೀ 10% ಅಂದಿದ್ದೀರಿ. ಹಾಗಾಗಿ ಕಮಿಷನ್ 19,500. ಅವರು 975 ಜಾಸ್ತಿ ಹಿಡಿದಿದ್ದಾರೆ. ಆದರೆ ಇನ್ನೊಂದು ಕಡೆಯಿಂದ ನೀವೂ ತಪ್ಪು ತಿಳಿಯಬೇಡಿ: ಖರ್ಚು ಕಳೆದು ಉಳಿದ ಹಣದ ಮೇಲೆ ಕಮಿಷನ್ ಕೊಡ್ತೀನಿ ಅನ್ನೋ ಹಾಗಿಲ್ಲ. ಬೇರೆ ಮಾತು ಆಗಿಲ್ಲದಿದ್ದರೆ ಪೂರ್ತಿ ಮಾರಾಟದ ಮೇಲೇ ಹಾಕೋದು ರೂಢಿ.

ಎರಡನೇದು ಖರ್ಚು. "ಖರ್ಚು ನಿಮ್ಮದು" ಅಂದರೆ ನಿಮ್ಮ ಮಾಲಿಗಾಗಿ, ನಿಮ್ಮ ಪರವಾಗಿ ಅವರು ಹೊರಗಿನವರಿಗೆ ಕೊಟ್ಟ ಹಣ. ಲಾರಿ, ಹಮಾಲಿ ಎರಡೂ ಅದೇ, ತಕರಾರಿಲ್ಲ. ಅಂಗಡಿ ಹುಡುಗನ ಸಂಬಳ ಹಾಗಲ್ಲ. ನಿಮ್ಮ ಸೀರೆ ಬರದಿದ್ದರೂ ಆ ಹುಡುಗನಿಗೆ ಸಂಬಳ ಕೊಡಲೇಬೇಕಿತ್ತು. ಅಂಗಡಿ ಬಾಡಿಗೆ, ಕರೆಂಟು, ಹುಡುಗರು, ಫೋನು, ಇದನ್ನೆಲ್ಲ ನಡೆಸೋಕೇ ಅವರಿಗೆ ಹತ್ತು ಪರ್ಸೆಂಟ್ ಕೊಡೋದು. ಅದನ್ನು ಮತ್ತೆ ಖರ್ಚಿನಲ್ಲಿ ಹಾಕಿದರೆ ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಆಯಿತು. 3,000 ತೆಗೆಸಿ.

ಗೋಡೌನ್ ಮತ್ತು ಮಳಿಗೆಗೆ ಉತ್ತರ ಕೊಡೋ ಮೊದಲು ಎರಡು ಪ್ರಶ್ನೆ. ಗೋಡೌನ್ ನಿಮ್ಮ ಮಾಲಿಗೆ ಅಂತಲೇ ಬಾಡಿಗೆಗೆ ಹಿಡಿದಿದ್ದಾ, ಇಲ್ಲ ಅವರ ಸ್ವಂತ ಜಾಗದ ಒಂದು ಮೂಲೆಯಾ? ಮಳಿಗೆ ಹಾಕೋ ಮೊದಲು ನಿಮ್ಮನ್ನು ಕೇಳಿದ್ದರಾ?

ಮಗ್ಗದಮನೆ
ಸರ್, ಗೋಡೌನ್ ಗೊತ್ತಿಲ್ಲ, ರಸೀದಿ ಕಳಿಸಿಲ್ಲ. ಮಳಿಗೆಗೆ ಕೇಳಿದ್ದರು, "ಆಗಲಿ ಹಾಕಿ" ಅಂತ ನಾನೇ ಮೆಸೇಜ್ ಮಾಡಿದ್ದೀನಿ. ಆದರೆ ಅಲ್ಲಿ ಬೇರೆಯವರ ಮಾಲೂ ಇತ್ತು ಅಂತ ಆಮೇಲೆ ಫೋಟೋ ನೋಡಿದಾಗ ಗೊತ್ತಾಯಿತು. ಮೊಳಕಾಲ್ಮೂರು ಸೀರೆ ಕಾಣುತ್ತಿದ್ದವು.

ಬೆಣ್ಣೆದೋಸೆ ಪ್ರೇಮಿ ಅಲ್ಲ
ಫೋಟೋದಲ್ಲಿ ಪಕ್ಕದ ಮಳಿಗೆ ಸೀರೆ ಇರಬಹುದು ಅಲ್ವಾ?

ಹುಬ್ಬಳ್ಳಿ ಲೆಕ್ಕಿಗ
ಇರಬಹುದು. ಕೇಳಿ ನೋಡಬೇಕು. ನೀವು ಹ್ಞೂಂ ಅಂದಿದ್ದೀರಿ, ಹಾಗಾಗಿ ಮಳಿಗೆ ಖರ್ಚು ಕೊಡೋಲ್ಲ ಅನ್ನೋಕೆ ಆಗಲ್ಲ. 5,000 ಇಡೀ ಮಳಿಗೆಯದ್ದಾ, ನಿಮ್ಮ ಪಾಲಿನದ್ದಾ ಅಂತ ಮಾತ್ರ ಕೇಳಿ. ಅಸಲು ರಸೀದಿ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತೆ. ಖರ್ಚು ವಾಪಸ್ ಅಂದರೆ ಆದಷ್ಟೇ ಖರ್ಚು. ಅದರಲ್ಲಿ ಏಜೆಂಟರಿಗೆ ಒಂದು ರೂಪಾಯಿ ಲಾಭವೂ ಇರಬಾರದು, ನಷ್ಟವೂ ಇರಬಾರದು.

ಚಿಕ್ಕಪೇಟೆ ಗಲ್ಲಿ
ಗೋಡೌನ್ ವಿಷಯದಲ್ಲಿ ನನ್ನದೊಂದು ತಕರಾರು. ಸ್ವಂತ ಜಾಗ ಆದರೆ ಏನು? 120 ಸೀರೆ ಇಟ್ಟುಕೊಂಡರೆ ಅಷ್ಟು ಜಾಗ ನನಗೆ ಹೋಯಿತು ತಾನೇ. ಆ ಜಾಗ ಬೇರೆಯವರಿಗೆ ಕೊಟ್ಟಿದ್ದರೆ ಬಾಡಿಗೆ ಬರುತ್ತಿತ್ತು.

ಹುಬ್ಬಳ್ಳಿ ಲೆಕ್ಕಿಗ
ಅದು ನಿಮಗೆ ಆದ ಖರ್ಚಲ್ಲ ಸ್ವಾಮಿ, ಬರಬಹುದಾಗಿದ್ದ ಆದಾಯ. ಬಾಡಿಗೆ ಬೇಕಾದರೆ ಮೊದಲೇ ಹೇಳಿ, ಕೊಡೋರು ಕೊಡ್ತಾರೆ. ಮಾಲು ಮಾರಿದ ಮೇಲೆ ಲೆಕ್ಕದ ಹಾಳೆಯಲ್ಲಿ ಹೊಸದಾಗಿ ಹುಟ್ಟಿಸಬಾರದು.

ಚಿಕ್ಕಪೇಟೆ ಗಲ್ಲಿ
ಒಪ್ಪಲ್ಲ. ನಮ್ಮ ಕಡೆ ಎಲ್ಲರೂ ಹಾಕ್ತಾರೆ.

ಬ್ಯಾಡಗಿ ಕಾಯಿ
ನೀವೆಲ್ಲ ಹತ್ತು ಪರ್ಸೆಂಟ್ ಅಂತ ಮಾತಾಡೋದು ನೋಡಿ ಎದೆ ಧಸಕ್ ಅಂತು. ನಮ್ಮ ಮೆಣಸಿನಕಾಯಿ ಎಪಿಎಂಸಿಗೆ ಹೋಗುತ್ತೆ. ಅಲ್ಲಿ ದಲಾಲರ ಕಮಿಷನ್ ರೈತನಿಂದ ಮುರಿಯೋ ಹಾಗಿಲ್ಲ, ಖರೀದಿದಾರ ಕೊಡಬೇಕು ಅಂತ ಕಾನೂನೇ ಇದೆ. ಆದರೂ ಕೆಲವು ಕಡೆ ಬಿಳಿ ಚೀಟಿ ಕೊಟ್ಟು ಮುರೀತಾರೆ. ಅಕ್ಕ, ನಿಮ್ಮ ಸೀರೆಗೂ ಕಮಿಷನ್ ಕೊಂಡವನೇ ಕೊಡಬೇಕು ಅಲ್ವಾ?

ಹುಬ್ಬಳ್ಳಿ ಲೆಕ್ಕಿಗ
ಇಲ್ಲ ಅಣ್ಣಾ. ನಿಮ್ಮದು ನಿಯಂತ್ರಿತ ಮಾರುಕಟ್ಟೆ, ಅದಕ್ಕೆ ಬೇರೆ ಕಾಯ್ದೆ. ಇದು ಇಬ್ಬರ ನಡುವಿನ ಕರಾರು. ಇಲ್ಲಿ 1872ರ ಕಾಂಟ್ರಾಕ್ಟ್ ಕಾಯ್ದೆ ನಡೆಯುತ್ತೆ. ಆದರೆ ಬಿಳಿ ಚೀಟಿ ತಗೋಬೇಡಿ, ತಕಪಟ್ಟಿ ಕೇಳಿ ತಗೊಳ್ಳಿ.

ಕಸೂತಿ ಕಮಲಾ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮಗ್ಗದಮನೆ ಅವರೇ, ಟೋಪ ತೆನಿ ಸೆರಗಿನ ಸೀರೆ ಇವೆಯಾ? ಕೈಮಗ್ಗದ್ದೇ ಬೇಕು. ಇಲ್ಲಿ ಅಂಗಡಿಯಲ್ಲಿ ಪವರ್‌ಲೂಮ್ ಸೀರೆಗೆ ಕೈಮಗ್ಗದ ರೇಟು ಹೇಳ್ತಾರೆ.

ಮಗ್ಗದಮನೆ
ಇವೆ ಅಕ್ಕ. ಒಳ್ಳೆಯವು ಆ 40ರಲ್ಲೇ ಸಿಕ್ಕಿಕೊಂಡಿವೆ 🙁

ಟ್ಯಾಕ್ಸ್ ತಾತ
ಯಾರೂ ಟಿಡಿಎಸ್ ಮಾತೇ ಎತ್ತಲಿಲ್ಲವಲ್ಲ. ಕಮಿಷನ್ ಕೊಡುವಾಗ 5% ಟಿಡಿಎಸ್ ಮುರಿಯಲೇಬೇಕು. ಇಲ್ಲಾಂದರೆ ದಂಡ.

ಹುಬ್ಬಳ್ಳಿ ಲೆಕ್ಕಿಗ
ತಾತ, ಅರ್ಧ ಸರಿ. 2024ರ ಅಕ್ಟೋಬರ್ 1ರಿಂದ ಅದು 2% ಆಗಿದೆ. ಅಲ್ಲದೆ ಮನೆಮಟ್ಟದ ವ್ಯಾಪಾರಕ್ಕೆ, ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿಲ್ಲದಿದ್ದರೆ ಒಬ್ಬ ವ್ಯಕ್ತಿ ಅಥವಾ ಕುಟುಂಬದ ಹೆಸರಿನ ವ್ಯಾಪಾರಕ್ಕೆ ಅದು ಅನ್ವಯವೇ ಆಗಲ್ಲ. ಅಕ್ಕ, ನಿಮ್ಮದು ದಾಟಿದೆಯಾ?

ಮಗ್ಗದಮನೆ
ಕೋಟಿ? ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕ.

ಹುಬ್ಬಳ್ಳಿ ಲೆಕ್ಕಿಗ
ಹ್ಹಹ್ಹ. ಹಾಗಾದರೆ ಬಿಡಿ.

ಈಗ 18% ಜಿಎಸ್‌ಟಿ. ಕಮಿಷನ್ ಅವರ ಸೇವೆ, ಅದಕ್ಕೆ 18% ಸರಿ. 19,500ಕ್ಕೆ 3,510. ಲಾರಿ ಬಾಡಿಗೆ ಹಾಗಲ್ಲ, ನಿಮ್ಮ ಪರವಾಗಿ ಕೊಟ್ಟಿದ್ದು. ನಿಮ್ಮ ಒಪ್ಪಿಗೆ ಇದ್ದು, ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ, ಕೊಟ್ಟಷ್ಟನ್ನೇ ವಸೂಲಿ ಮಾಡಿದ್ದರೆ ಅದರ ಮೇಲೆ ಅವರು ತೆರಿಗೆ ಹಾಕಬೇಕಾಗಿಲ್ಲ. ಲಾರಿಯವನ ರಸೀದಿ ನಿಮ್ಮ ಹೆಸರಿನಲ್ಲೇ ಇದ್ದರೆ ವಾದಕ್ಕೆ ಜಾಗವೇ ಇರಲ್ಲ. ಮುಂದಿನ ಸಲ ಅದನ್ನು ಗಟ್ಟಿಯಾಗಿ ಹೇಳಿ. ಎಲ್ಲವನ್ನೂ ಒಂದೇ ಗಂಟು ಕಟ್ಟಿ "ಸೇವಾ ಶುಲ್ಕ" ಅಂತ ಬಿಲ್ ಮಾಡಿದರೆ ಪೂರ್ತಿಗೂ 18% ಬೀಳುತ್ತೆ.

ಆದರೆ ಇದಕ್ಕಾಗಿ ಜಾಸ್ತಿ ರಕ್ತ ಸುಡಬೇಡಿ. ನೀವು ಸಾಮಾನ್ಯ ಜಿಎಸ್‌ಟಿಯಲ್ಲಿದ್ದರೆ ಅವರು ಹಾಕಿದ 18% ನಿಮಗೆ ಕ್ರೆಡಿಟ್ ಆಗಿ ಸಿಗುತ್ತೆ, ಸೀರೆಯ 9,750 ಕಟ್ಟುವಾಗ ಕಳೆದುಕೊಳ್ಳಬಹುದು. ಒಂದೇ ಷರತ್ತು, ಅವರು ನಿಜವಾಗಿ ಬಿಲ್ ಹಾಕಿ ರಿಟರ್ನ್ಸ್‌ನಲ್ಲಿ ತೋರಿಸಿರಬೇಕು. ನಿಮ್ಮ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ತಿಂಗಳ GSTR-2B ತೆರೆದು ನೋಡಿ. ಅವರ ಹೆಸರು ಅಲ್ಲಿ ಇಲ್ಲದಿದ್ದರೆ ಆ 6,295 ಅವರ ಜೇಬಿಗೆ ಹೋಗಿದೆ ಅಂತ ಅರ್ಥ. ಅದು ಮಾತ್ರ ದೊಡ್ಡ ವಿಷಯ.

ಟ್ಯಾಕ್ಸ್ ತಾತ
2B ನೋಡಿ ಅಂದಿದ್ದು ಒಳ್ಳೆಯ ಮಾತು. ಇನ್ನೊಂದು: ಬಿಲ್ ನಿಮ್ಮ ಹೆಸರಿನಲ್ಲಿ, ಮಾಲು ಇರೋದು ಅವರ ಅಂಗಡಿಯಲ್ಲಿ. ಆ ಅಂಗಡಿಯನ್ನು ನಿಮ್ಮ ನೋಂದಣಿಯಲ್ಲಿ ಹೆಚ್ಚುವರಿ ಜಾಗ ಅಂತ ಸೇರಿಸಿದ್ದೀರಾ?

ಮಗ್ಗದಮನೆ
ಸೇರಿಸಿದ್ದೀವಿ ತಾತ, ನಮ್ಮ ಆಡಿಟರ್ ಮಾಡಿಕೊಟ್ಟರು.

2B ಈಗಷ್ಟೇ ನೋಡಿದೆ. ಅವರ ಬಿಲ್ ಇದೆ. ಸಮಾಧಾನ ಆಯಿತು.

ದಾವಣಗೆರೆ ಬೆಣ್ಣೆದೋಸೆ
ಎಲ್ಲ ಸರಿ, 13,125 ಬಗ್ಗೆ ಯಾರೂ ಕೊನೆ ಮಾತು ಹೇಳ್ತಾ ಇಲ್ಲ. ನಾನು ಹೇಳಿದ್ದೇ ಸರಿ ಅನ್ಸುತ್ತೆ.

ಹುಬ್ಬಳ್ಳಿ ಲೆಕ್ಕಿಗ
ಬರ್ತಾ ಇದ್ದೆ ಮಾರಾಯ್ರೆ, ಊಟಕ್ಕೆ ಹೋಗಿದ್ದೆ.

ಚಿಕ್ಕಪೇಟೆಯವರು ಹೇಳಿದ್ದು ಮೂಲ ನಿಯಮ. ಸಾಲದ ಜವಾಬ್ದಾರಿಗೆ ಬೇರೆ ಕಮಿಷನ್ ಮಾತಾಗಿಲ್ಲ, ಹಾಗಾಗಿ ಮುಳುಗಿದ ಸಾಲ ಮಾಲಿನ ಯಜಮಾನರದು. ಜಿಎಸ್‌ಟಿಯಲ್ಲೂ ವಸೂಲಾಗದ ಸಾಲಕ್ಕೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ, ಅದಕ್ಕೇ 12,500 ಅಲ್ಲ, 13,125 ಪೂರ್ತಿ ನಷ್ಟ.

ಆದರೆ ಇದಕ್ಕೆ ಎರಡು ಬಾಗಿಲು ಇವೆ. ಸಾಲ ಕೊಡಬೇಡಿ ಅಂತ ನೀವು ಹೇಳಿದ್ದರೂ ಕೊಟ್ಟಿದ್ದರೆ ನಷ್ಟ ಅವರದು, ಅದು ಮೊದಲನೇದು. ಎರಡನೇದು ಕಾಯ್ದೆಯ 212ನೇ ಸೆಕ್ಷನ್. ಅಲ್ಲಿರೋ ಉದಾಹರಣೆ ನಿಮ್ಮ ಕಥೆಯ ಹಾಗೇ ಇದೆ. ಸಾಲಕ್ಕೆ ಮಾರೋ ಅಧಿಕಾರ ಇರೋ ಏಜೆಂಟ್, ಕೊಂಡವನು ದುಡ್ಡು ಕೊಡೋ ಸ್ಥಿತಿಯಲ್ಲಿದ್ದಾನಾ ಅಂತ ಮಾಮೂಲಿ ವಿಚಾರಣೆಯೂ ಮಾಡದೆ ಸಾಲ ಕೊಟ್ಟ. ಕೊಂಡವನು ಆಗಲೇ ದಿವಾಳಿಯಾಗಿದ್ದ. ನಷ್ಟ ಏಜೆಂಟ್ ತುಂಬಿಕೊಡಬೇಕು. ಅಂದರೆ ಸಾಲ ಮುಳುಗಿತು ಅನ್ನೋದಷ್ಟೇ ಸಾಲದು, ಕೊಡೋ ಹೊತ್ತಿಗೆ ಅವರು ಏನು ವಿಚಾರಿಸಿದ್ದರು ಅನ್ನೋದು ಮುಖ್ಯ.

ಮಗ್ಗದಮನೆ
ಸಾಲ ಕೊಡಬೇಡಿ ಅಂತ ಹೇಳಿಲ್ಲ. ಹಬ್ಬದ ಸೀಸನ್, ಅಂಗಡಿಯವರಿಗೆ ಸಾಲ ಕೊಡದೆ ಆಗಲ್ಲ ಅಂತ ಗೊತ್ತು. ಆದರೆ ನಮ್ಮೂರಿನ ಇನ್ನೊಬ್ಬರು ಹೇಳ್ತಿದ್ದಾರೆ, ಆ ಅಂಗಡಿಯವನು ಅವರಿಗೂ ಬಾಕಿ ಇಟ್ಟಿದ್ದ, ಅದೂ ಇದೇ ಏಜೆಂಟರ ಮೂಲಕವೇ ಮಾರಿದ ಮಾಲಿನದ್ದು.

ಚಿಕ್ಕಪೇಟೆ ಗಲ್ಲಿ
ಓಹೋ. ಅದು ನಿಜವಾದರೆ ನಾನೂ ನಿಮ್ಮ ಕಡೆ. ಹಳೇ ಬಾಕಿ ಗೊತ್ತಿದ್ದೂ ಮತ್ತೆ ಐದು ಸೀರೆ ಕೊಟ್ಟರೆ ಅದು ವ್ಯಾಪಾರ ಅಲ್ಲ. ಆದರೆ ತಾರೀಖು ನೋಡಬೇಕು. ಮೊದಲು ನಿಮ್ಮ ಸೀರೆ ಮಾರಿ, ಆಮೇಲೆ ಅವರ ಬಾಕಿ ಬಿದ್ದಿದ್ದರೆ ಪಾಪ ಏಜೆಂಟ್ ಏನು ಮಾಡ್ತಾನೆ?

ಹುಬ್ಬಳ್ಳಿ ಲೆಕ್ಕಿಗ
ಸರಿಯಾಗಿ ಹೇಳಿದಿರಿ. ಎರಡೂ ಬಿಲ್ಲಿನ ತಾರೀಖು ಪಕ್ಕ ಪಕ್ಕ ಇಟ್ಟು ನೋಡಿ. ಇಡೀ ಜಗಳ ಅದರ ಮೇಲೇ ನಿಂತಿದೆ.

ಬೆಣ್ಣೆದೋಸೆ ಪ್ರೇಮಿ ಅಲ್ಲ
ನನಗೊಂದು ಡೌಟು. ಆ ಐದು ಸೀರೆಯ ದುಡ್ಡೇ ಬರಲಿಲ್ಲ. ಅದರ ಮೇಲೂ 10% ಕಮಿಷನ್, ಅಂದರೆ 1,250, ಅವರು ತಗೋಬಹುದಾ?

ಚಿಕ್ಕಪೇಟೆ ಗಲ್ಲಿ
ಖಂಡಿತ. ಮಾರೋ ಕೆಲಸ ಮಾಡಿದ್ದಾನೆ. ಕಮಿಷನ್ ಮಾರಾಟಕ್ಕೆ, ವಸೂಲಿಗೆ ಅಲ್ಲ.

ದಾವಣಗೆರೆ ಬೆಣ್ಣೆದೋಸೆ
ದುಡ್ಡು ಬರದಿದ್ದರೆ ಅದು ಮಾರಾಟ ಅಲ್ಲ, ದಾನ.

ಹುಬ್ಬಳ್ಳಿ ಲೆಕ್ಕಿಗ
ಇದು ಕರಾರಿನ ಮಾತಿನ ಮೇಲೆ ಹೋಗುತ್ತೆ. "ಮಾರಾಟದ ಮೇಲೆ" ಅಂದರೆ ಚಿಕ್ಕಪೇಟೆಯವರು ಸರಿ, "ವಸೂಲಾದ ಹಣದ ಮೇಲೆ" ಅಂದರೆ ದೋಸೆಯವರು ಸರಿ. ನಮ್ಮ ಅಕ್ಕನ ಮೆಸೇಜಿನಲ್ಲಿ ಎರಡೂ ಇಲ್ಲ. ವಿಚಾರಿಸದೆ ಸಾಲ ಕೊಟ್ಟಿದ್ದು ಸಾಬೀತಾದರೆ ಮಾತ್ರ ಆ 1,250 ಕೂಡ ಬಿಟ್ಟುಕೊಡಬೇಕಾಗುತ್ತೆ, ಕೆಲಸ ಕೆಡಿಸಿದ ಭಾಗಕ್ಕೆ ಕೂಲಿ ಇಲ್ಲ ಅಂತ ಕಾಯ್ದೆಯಲ್ಲೇ ಇದೆ.

ಕಸೂತಿ ಕಮಲಾ
ಮತ್ತೆ ಆ 40 ಸೀರೆ? ನನಗೆ ಅದೇ ಚಿಂತೆ.

ಟ್ಯಾಕ್ಸ್ ತಾತ
ಏಜೆಂಟ್ ತನ್ನ ಬಾಕಿ ಬರೋವರೆಗೂ ಮಾಲು ಹಿಡಿದಿಟ್ಟುಕೊಳ್ಳಬಹುದು. ಕಾನೂನು ಅವನ ಕಡೆ. ಏನೂ ಮಾಡೋಕಾಗಲ್ಲ.

ಹುಬ್ಬಳ್ಳಿ ಲೆಕ್ಕಿಗ
ಹಿಡಿದಿಟ್ಟುಕೊಳ್ಳೋ ಹಕ್ಕು ಇದೆ ತಾತ, ಆದರೆ ಯಾವುದಕ್ಕೆ? ಬರಬೇಕಾದ ಕಮಿಷನ್ಗೆ, ಮಾಡಿದ ಖರ್ಚಿಗೆ. ಇಲ್ಲಿ ಅವರು ಮಾರಿದ ಹಣದಲ್ಲೇ ಕಮಿಷನ್, ಖರ್ಚು, ಮುಳುಗಿದ ಸಾಲ ಎಲ್ಲ ಮುರಿದುಕೊಂಡು ಉಳಿದಿದ್ದು ಕಳಿಸಿದ್ದಾರೆ. ಹಾಗೆ ಮುರಿದುಕೊಳ್ಳೋದಕ್ಕೂ ಕಾಯ್ದೆ ಬಿಡುತ್ತೆ, 40 ಸೀರೆ ಮಾರದೆ ಉಳಿದಿದ್ದರೂ ಸರಿ. ಆದರೆ ಮುರಿದುಕೊಂಡ ಮೇಲೆ ಅವರಿಗೆ ಬರಬೇಕಾದ್ದು ಏನು ಉಳಿಯಿತು? ಅವರದೇ ಲೆಕ್ಕದ ಪ್ರಕಾರ ಸೊನ್ನೆ. ಹಾಗಾದರೆ ಸೀರೆ ಯಾವ ಬಾಕಿಗೆ ಒತ್ತೆ? "ಲೆಕ್ಕ ಒಪ್ಪಿಕೊಳ್ಳಿ" ಅಂತ ಒತ್ತಡ ಹಾಕೋಕೆ ಮಾಲು ಹಿಡಿಯೋ ಹಕ್ಕು ಯಾವ ಕಾಯ್ದೆಯಲ್ಲೂ ಇಲ್ಲ.

ವಾಪಸ್ ಕಳಿಸೋ ಲಾರಿ ಬಾಡಿಗೆ ಮುಂಗಡವಾಗಿ ಕಳಿಸಿಬಿಡಿ ಅಕ್ಕ. ಆಮೇಲೆ ಅವರ ಕೈಯಲ್ಲಿ ನೆಪ ಇರಲ್ಲ.

ಟ್ಯಾಕ್ಸ್ ತಾತ
ಈ ಕೋನದಿಂದ ನಾನು ನೋಡಿರಲಿಲ್ಲ. ಆದರೂ ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಮಾತಲ್ಲೇ ಮುಗಿಸಿ.

ಬಿಕಾಂ ಕೊನೆಬೆಂಚು
ಸರ್, ಉಳಿದ 40 ಸೀರೆಗೆ ಪುಸ್ತಕದಲ್ಲಿ ಬೆಲೆ ಹೇಗೆ ಕಟ್ಟೋದು? ಮಾರೋ ಬೆಲೆ 2,400 ಅಂತ ಹಾಕಿದರೆ ಆಯಿತಾ?

ಹುಬ್ಬಳ್ಳಿ ಲೆಕ್ಕಿಗ
ಅಯ್ಯೋ ಬೇಡ, ಬರದ ಲಾಭ ಬರೆದ ಹಾಗಾಗುತ್ತೆ. ಅಕ್ಕನಿಗೆ ಒಂದು ಸೀರೆ 1,500ಕ್ಕೆ ಬಿದ್ದಿದೆ ಅಂದುಕೋ. 40ಕ್ಕೆ 60,000. ಅದಕ್ಕೆ ಬೆಂಗಳೂರು ಮುಟ್ಟಿಸಿದ ಖರ್ಚಿನ ಪಾಲು ಸೇರಿಸು. ಲಾರಿ, ಹಮಾಲಿ 4,000 ಬಿದ್ದಿದ್ದು 120 ಸೀರೆಗೆ, 40ರ ಪಾಲು 1,333. ಒಟ್ಟು 61,333. ಮುಟ್ಟಿದ ಮೇಲೆ ಆದ ಗೋಡೌನ್, ಮಳಿಗೆ, ಕಮಿಷನ್ ಇದಕ್ಕೆ ಸೇರಲ್ಲ, ಅವು ಮಾರೋ ಖರ್ಚು. ಸೀರೆಗೆ ಕಲೆ ಬಿದ್ದು 61,333 ಹುಟ್ಟಲ್ಲ ಅನ್ನೋ ಹಾಗಿದ್ದರೆ ಹುಟ್ಟೋ ಬೆಲೆ ಎಷ್ಟೋ ಅಷ್ಟೇ ಹಾಕಬೇಕು.

ಬಿಕಾಂ ಕೊನೆಬೆಂಚು
ಪರೀಕ್ಷೆಯಲ್ಲಿ ಗೋಡೌನ್ ಬಾಡಿಗೆಯನ್ನೂ ಸೇರಿಸಿ ಬಂದಿದ್ದೀನಿ. ಹೋಯ್ತು.

ಮಗ್ಗದಮನೆ
ಎಲ್ಲರಿಗೂ ಧನ್ಯವಾದ. ಕೂತು ಹೀಗೆ ಬರೆದೆ, ಸರಿ ಇದೆಯಾ ನೋಡಿ. 2,04,750ರಲ್ಲಿ ಕಮಿಷನ್ 19,500, ಅದರ ಜಿಎಸ್‌ಟಿ 3,510, ಲಾರಿ ಮತ್ತು ಮಳಿಗೆ 9,000, ರಸೀದಿ ತೋರಿಸಿದರೆ ಗೋಡೌನ್ 2,500, ಸದ್ಯಕ್ಕೆ ಮುಳುಗಿದ ಸಾಲ 13,125. ಇಷ್ಟು ಕಳೆದರೆ ನಮಗೆ 1,57,115 ಬರಬೇಕು. ಬಂದಿರೋದು 1,50,355. ಇನ್ನೂ 6,760 ಬಾಕಿ. ಸಾಲದ ತಾರೀಖು ನೋಡಿದ ಮೇಲೆ ಅದನ್ನು ಬೇರೆ ಕೇಳ್ತೀನಿ.

ಹುಬ್ಬಳ್ಳಿ ಲೆಕ್ಕಿಗ
ಲೆಕ್ಕ ಸರಿ ಇದೆ. ಆದರೆ 6,760ರಲ್ಲಿ 2,785 ಬರೀ ಜಿಎಸ್‌ಟಿ ವ್ಯತ್ಯಾಸ. ಅದನ್ನು ಅವರು ವಾಪಸ್ ಕೊಟ್ಟರೆ ಕ್ರೆಡಿಟ್ ನೋಟ್ ಹಾಕ್ತಾರೆ, ನಿಮ್ಮ ಕ್ರೆಡಿಟ್ ಕೂಡ ಅಷ್ಟು ಇಳಿಯುತ್ತೆ. ಎರಡು ಸಲ ತಗೋಬೇಡಿ. ನಿಮಗೆ ನಿಜವಾಗಿ ಕೈ ಸೇರೋದು 975 ಮತ್ತು 3,000. ಜಗಳ ಇರೋದು 3,975ಕ್ಕೆ ಅಂತ ಗೊತ್ತಿದ್ದರೆ ದನಿ ಎಷ್ಟು ಏರಿಸಬೇಕು ಅಂತಲೂ ಗೊತ್ತಾಗುತ್ತೆ.

ಚಿಕ್ಕಪೇಟೆ ಗಲ್ಲಿ
ಮುಂದಿನ ಸಲ 2% ಜಾಸ್ತಿ ಕೊಟ್ಟು ಸಾಲದ ಜವಾಬ್ದಾರಿ ಅವನಿಗೇ ಕಟ್ಟಿ ಮೇಡಂ.

ಮಗ್ಗದಮನೆ
ಅದು ಪೂರ್ತಿ ಮಾರಾಟದ ಮೇಲಾ, ಬರೀ ಸಾಲದ ಮಾರಾಟದ ಮೇಲಾ? 1,95,000ಕ್ಕೆ ಆದರೆ 3,900, ಸಾಲದ 75,000ಕ್ಕೆ ಆದರೆ 1,500. ತುಂಬಾ ವ್ಯತ್ಯಾಸ ಇದೆ.

ಚಿಕ್ಕಪೇಟೆ ಗಲ್ಲಿ
ಪೂರ್ತಿ ಮೇಲೆ. ರೂಢಿ ಅದೇ.

ದಾವಣಗೆರೆ ಬೆಣ್ಣೆದೋಸೆ
ನಗದು ಮಾರಿದ್ದಕ್ಕೆ ಯಾವ ಸಾಲದ ಭಯ ಸ್ವಾಮಿ?? ಅದಕ್ಕೂ 2% ಯಾಕೆ?

ಹುಬ್ಬಳ್ಳಿ ಲೆಕ್ಕಿಗ
ಮಾತಾಡದೆ ಬಿಟ್ಟರೆ ಪೂರ್ತಿ ಮೇಲೆ ಹಾಕೋದೇ ರೂಢಿ, ಅದು ನಿಜ. ಆದರೆ "ಸಾಲದ ಮಾರಾಟಕ್ಕೆ ಮಾತ್ರ" ಅಂತ ಒಂದು ಪದ ಬರೆಸಿದರೆ ಮುಗಿಯಿತು. ಏಜೆಂಟ್ ಒಪ್ಪಬೇಕಷ್ಟೇ.

ಚಿಕ್ಕಪೇಟೆ ಗಲ್ಲಿ
ನಾನಾಗಿದ್ದರೆ ಒಪ್ಪಲ್ಲ. 3% ಕೇಳ್ತೀನಿ ಆಗ.

ಕಸೂತಿ ಕಮಲಾ
ಅಕ್ಕ, ಸೀರೆ ವಾಪಸ್ ಬಂದ ತಕ್ಷಣ ಮೆಸೇಜ್ ಮಾಡಿ. ನಾನು ನಗದು ಕೊಡ್ತೀನಿ, ಕಮಿಷನ್ ಯಾರಿಗೂ ಬೇಡ.